ಗುಳಿಗಿ ಉಳಿದಾವ

ಕಲಬುರಗಿಯ ಬ್ರಹ್ಮಪುರದ ಶಿವಶರಣ ಕಾಕಾನ ಔಷಧಿ ಅಂಗಡಿಗೆ ಎರಡು ತರಹದ ಗಿರಾಕಿಗಳು. ಕೌಂಟರಿನ ಮುಂದೆ ನಿಂತು, ಚೀಟಿ ಚಾಚಿ, ಚಿಲ್ಲರೆಗೆ ಜಗಳಾಡುವವರು ಒಂದು ತರಹ. ಅಂಗಡಿಯ ಮುಖವನ್ನೇ ನೋಡದೆ ತಿಂಗಳಿಗೊಂದು ಡಬ್ಬಿ ತರಿಸಿಕೊಳ್ಳುವವರು ಇನ್ನೊಂದು ತರಹ. ಮೊದಲಿನವರು ಕಾಕಾನ ಪಾಲಿಗೆ, ಎರಡನೆಯವರು ಅವನ ಅಣ್ಣನ ಮಗಳು ಅಂಬಿಕಾಳ ಪಾಲಿಗೆ. ಬಿ.ಫಾರ್ಮಾ ಓದಿದ ಹುಡುಗಿ ಮನೆಯಲ್ಲಿ ಕೂತು ಏನು ಮಾಡಬೇಕು ಎಂದು ಕಾಕಾನೇ ಕರೆದು ಅಂಗಡಿಯ ಹಿಂದಿನ ಕೋಣೆ ಕೊಟ್ಟಿದ್ದ. ಎರಡು ವರ್ಷದಲ್ಲಿ ಆ ಕೋಣೆ ಮುಂದಿನ ಕೌಂಟರಿಗಿಂತ ಹೆಚ್ಚು ದುಡಿಯತೊಡಗಿತ್ತು. ಕಾಕಾ ಬಾಯಿಬಿಟ್ಟು ಹೊಗಳುವ ಪೈಕಿ ಅಲ್ಲ, ಆದರೆ ಕೋಣೆಗೆ ಹೊಸ ಫ್ಯಾನು ಹಾಕಿಸಿದ್ದ. ಅದೇ ಅವನ ಶಾಭಾಸ್.

‘ತಿಂಗಳ ಡಬ್ಬಿ’ ಅಂತ ಅದರ ಹೆಸರು. ಬಿಪಿ, ಶುಗರು, ಥೈರಾಯ್ಡು, ಫಿಟ್ಸು, ಹೀಗೆ ನಿತ್ಯ ಗುಳಿಗೆ ನುಂಗಲೇಬೇಕಾದವರಿಗೆ ಮೂವತ್ತು ದಿನಕ್ಕೆ ಮೂವತ್ತು ಪೊಟ್ಟಣ. ಪ್ರತಿ ಪೊಟ್ಟಣದ ಮೇಲೆ ತಾರೀಖು, ವಾರ. ಇವತ್ತಿನದು ಹರಿ, ನುಂಗು, ಮುಗಿಯಿತು. ಗಿರಾಕಿ ಡಾಕ್ಟರರ ಚೀಟಿ ಕಳಿಸಿ, ತನ್ನ ಮೊಬೈಲಿನಲ್ಲಿ ಒಂದು ಸಲ ಪಿನ್ ಒತ್ತಿ ಒಪ್ಪಿಗೆ ಕೊಟ್ಟರೆ ಸಾಕು, ಪ್ರತಿ ತಿಂಗಳು ಐದನೇ ತಾರೀಖಿಗೆ ರೊಕ್ಕ ತಾನೇ ಕಡಿತವಾಗುತ್ತದೆ. ‘ನಾಳೆ ಕಡಿತವಾಗಲಿದೆ’ ಎಂದು ಹಿಂದಿನ ದಿನವೇ ಮೊಬೈಲು ತಿಳಿಸುತ್ತದೆ. ಐದರಂದು ರೊಕ್ಕ ಬರದಿದ್ದರೆ ಆರು, ಏಳು, ಎಂಟರಂದು ಮತ್ತೆ ಮೂರು ಸಲ ಯತ್ನ. ಅದಕ್ಕೂ ಬಗ್ಗದಿದ್ದರೆ ಒಂಬತ್ತರ ಬೆಳಿಗ್ಗೆ ಆ ಹೆಸರಿನ ಮುಂದೆ ‘ಸ್ಥಗಿತ’ ಎಂದು ಕೆಂಪಗೆ ಬೀಳುತ್ತದೆ. ಡಬ್ಬಿ ಕಟ್ಟುವ ಪಟ್ಟಿಯಲ್ಲಿ ರೊಕ್ಕ ಬಂದವರ ಹೆಸರು ಮಾತ್ರ.

ಇದರಲ್ಲಿ ಅಂಬಿಕಾಳ ಸ್ವಂತ ತಲೆಯಿಂದ ಹುಟ್ಟಿದ್ದು ಒಂದು ಗುಂಡಿ, ಮೊಬೈಲಿನಲ್ಲಿ ಒತ್ತುವ ಗುಂಡಿ: ‘ಒಂದು ತಿಂಗಳು ಬಿಡುವು’. ಒತ್ತಿದರೆ ಆ ತಿಂಗಳು ರೊಕ್ಕವೂ ಹೋಗುವುದಿಲ್ಲ, ಡಬ್ಬಿಯೂ ಬರುವುದಿಲ್ಲ, ಮುಂದಿನ ತಿಂಗಳು ತಾನೇ ಮತ್ತೆ ಶುರು. ಯಾಕೆ ಬಿಡುವು ಎಂದು ಕೇಳಿ ಮೂರು ಉತ್ತರ ಕೊಟ್ಟಿದ್ದಳು, ಅದೂ ನಮ್ಮ ಮಾತಿನಲ್ಲೇ: ‘ಊರಿಗೆ ಹೊಂಟೀವಿ’, ‘ಈ ತಿಂಗಳು ರೊಕ್ಕ ಇಲ್ಲ’, ‘ಗುಳಿಗಿ ಉಳಿದಾವ’.

“ಬಿಟ್ಟು ಹೋಗೋ ಗಿರಾಕಿ ಬಿಡುವು ತೊಗೊಂಡು ಉಳೀತಾನ ಕಾಕಾ” ಎಂದು ವಾದಿಸಿ ಗೆದ್ದಿದ್ದಳು. ನಿಜಕ್ಕೂ ಗೆದ್ದಳು. ಡಬ್ಬಿ ಪೂರಾ ರದ್ದು ಮಾಡುವವರು ಅರ್ಧಕ್ಕೆ ಇಳಿದರು. ಯಾರು ಯಾವ ಉತ್ತರ ಒತ್ತಿದರು ಎಂದು ಆಮೇಲೆ ಯಾರು ನೋಡಿದರು? ಯಾರೂ ನೋಡಲಿಲ್ಲ. ಅಂಬಿಕಾಳೂ ನೋಡಲಿಲ್ಲ. ಗುಂಡಿ ಚೆನ್ನಾಗಿ ಓಡುತ್ತಿದೆ ಎಂಬ ಹಿಗ್ಗಿನಲ್ಲೇ ಇದ್ದಳು ಪುಣ್ಯಾತ್ಗಿತ್ತಿ.

ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಬೆಳಿಗ್ಗೆ ಕೆಂಪಗೆ ಬಿದ್ದ ಹೆಸರುಗಳು ನಾಲ್ಕು. ಮೂರರ ಮುಂದೆ ‘ಖಾತೆಯಲ್ಲಿ ಹಣ ಸಾಲದು’ ಎಂದಿತ್ತು. ಅದು ನಿತ್ಯದ ಪುರಾಣ. ನಾಲ್ಕನೆಯದರ ಮುಂದೆ ಬೇರೆ ಕಾರಣ: ‘ಗ್ರಾಹಕರು ಒಪ್ಪಿಗೆಯನ್ನು ತಡೆಹಿಡಿದಿದ್ದಾರೆ’. ಅಂದರೆ ರೊಕ್ಕ ಇದೆ, ಕೊಡುವವರೇ ತಮ್ಮ ಮೊಬೈಲಿನಲ್ಲಿ ಕೀಲಿ ಹಾಕಿದ್ದಾರೆ. ಡಬ್ಬಿ ಕಪಿಲನ ಹೆಸರಿಗೆ, ವಯಸ್ಸು ಇಪ್ಪತ್ನಾಲ್ಕು, ಕಮಲಾಪುರ. ರೊಕ್ಕ ಕೊಡುವವರು ತಾಯಿ ಪುತಳಾಬಾಯಿ. ಗುಳಿಗೆ ಫಿಟ್ಸಿನದು, ದಿನಕ್ಕೆ ಎರಡು, ತಪ್ಪಿಸುವಂತಿಲ್ಲ.

ಅಂಬಿಕಾ ಹಿಂದಿನದನ್ನು ತೆಗೆದು ನೋಡಿದಳು. ಆಗಸ್ಟಿನಲ್ಲಿ ಒಂದು ತಿಂಗಳು ಬಿಡುವು. ಕಾರಣ: ‘ಗುಳಿಗಿ ಉಳಿದಾವ’.

ಓದಿದಳು. ಇನ್ನೊಮ್ಮೆ ಓದಿದಳು. ಮೂವತ್ತು ದಿನಕ್ಕೆ ಮೂವತ್ತೇ ಪೊಟ್ಟಣ ಕಳಿಸುವವಳು ತಾನು. ದಿನಾ ನುಂಗುವವನ ಮನೆಯಲ್ಲಿ ಗುಳಿಗೆ ಹೇಗೆ ಉಳಿಯುತ್ತದೆ? ಉಳಿಯುವುದಿಲ್ಲ. ನುಂಗದಿದ್ದರೆ ಮಾತ್ರ ಉಳಿಯುತ್ತದೆ. ಇಷ್ಟು ಸಣ್ಣ ಲೆಕ್ಕ ತನ್ನ ಕೈಯಾರೆ ಬರೆದ ಗುಂಡಿಯಲ್ಲಿ ಕೂತಿತ್ತು, ತನಗೇ ಕಂಡಿರಲಿಲ್ಲ. ತಕ್ಷಣ ಫೋನು ಹಚ್ಚಿದಳು.

“ಪುತಳಾಬಾಯಿ ಅಕ್ಕಾರ ಏನ್ರಿ? ತಿಂಗಳ ಡಬ್ಬಿಯಿಂದ ಅಂಬಿಕಾ ಮಾತಾಡಾಕತ್ತೀನ್ರಿ.”

“ಹಾಂ, ಹೇಳವ್ವಾ. ರೊಕ್ಕದ ಮಾತಲ್ಲ? ನಾಕು ದಿನದಿಂದ ಮೆಸೇಜ್ ಮ್ಯಾಲ ಮೆಸೇಜ್ ಬರಾಕತ್ತಾವ. ನಾ ಒಂದೂ ಒತ್ತಿಲ್ಲ. ಲಿಂಕ್ ಒತ್ತಿದ್ರ ಖಾತಿ ಖಾಲಿ ಆಗ್ತದಂತ ಮೊಬೈಲ್ ಅಂಗಡಿ ಶಫಿ ಹೇಳ್ಯಾನ.”

“ಅಪ್ಪಿತಪ್ಪಿ ಒತ್ತಬ್ಯಾಡ್ರಿ, ಛಲೋ ಮಾಡೀರಿ. ನಾ ರೊಕ್ಕ ಕೇಳಂಗಿಲ್ರಿ. ಕಪಿಲ ಗುಳಿಗಿ ತೊಗೊಳಾಕತ್ತಾನೇನ್ರಿ?”

“ಉಳಿದಾವಲ್ಲವ್ವಾ! ಅದಕ್ಕೇ ನಿಮ್ದು ಬಿಡುವು ಒತ್ತಿದೆ. ಮ್ಯಾಲ ಶಫಿ ಕಡಿಂದ ಬ್ಯಾಂಕಿನ ಕಡಿತಾನೂ ತಡೆ ಹಚ್ಚಿಸಿದೆ. ಎರಡು ಗಂಟು ಹಾಕಿದ್ರ ಚೀಲ ಬಿಚ್ಚಂಗಿಲ್ಲ ನೋಡು. ಇನ್ನೂ ಡಬ್ಬಿ ತುಂಬ ಅದಾವ, ದಂಡ ಯಾಕ ಮಾಡ್ಲಿ?”

ಇನ್ನೂ ಡಬ್ಬಿ ತುಂಬ. ಜುಲೈ ಡಬ್ಬಿ ಮುಗಿದು ಒಂದು ತಿಂಗಳಾಗಿತ್ತು. ಆಗಸ್ಟಿನದು ಹೋಗಿರಲೇ ಇಲ್ಲ.

“ಅಕ್ಕಾರ, ಅಂವ ಗುಳಿಗಿ ಬಿಟ್ಟಾನ್ರಿ. ಹಿಂಗ ಒಮ್ಮೆಲೆ ಬಿಟ್ರ ಫಿಟ್ಸ್ ಮೊದಲಿಗಿಂತ ಜೋರ್ ಬರ್ತದ. ಈಗ ಎಲ್ಲಿದಾನ್ರಿ ಅಂವ?”

“ಎಲ್ಲಿರ್ತಾನ, ಗಾಡಿ ಮ್ಯಾಲ. ಜೂನ್‍ದಿಂದ ಸಾಲಿ ವ್ಯಾನ್ ಹೊಡೀತಾನಲ್ಲ ನನ್ನ ಮಗ!” ಪುತಳಾಬಾಯಿಯ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. “ಹದಿನಾಕು ಹುಡುಗ್ರು. ಒಂದಿನ ತಡ ಮಾಡಿಲ್ಲ.”

“ಅಕ್ಕಾರ, ಗಾಡಿ ಹೊಡಿಯೋದು ಇವತ್ತೇ ನಿಲ್ಲಸ್ರಿ. ನಿಮ್ಮ ಕಾಲಿಗಿ ಬೀಳ್ತೀನಿ.”

ಆ ಕಡೆಯಿಂದ ಬಂದ ದನಿಯೇ ಬೇರೆ. “ಆರುನೂರಾ ನಲವತ್ತು ರೂಪಾಯಿ ಸಲುವಾಗಿ ಹಿಂಗ ಹೆದರಿಸ್ತೀರೇನವ್ವಾ? ಸಾಲದ ಮಂದಿನೂ ಹಿಂಗ ಮಾತಾಡಂಗಿಲ್ಲ. ಮೂರು ವರ್ಷ ಆತು, ನನ್ನ ಮಗನಿಗಿ ಒಮ್ಮಿನೂ ಬಂದಿಲ್ಲ. ಗುಳಿಗಿ ಮಾರಾಕಿ ನೀ, ಗುಳಿಗಿ ಮಾರು. ಕೆಟ್ಟ ಬಾಯಿ ತಗಿಬ್ಯಾಡ.” ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ತಗುಲಲೇ ಇಲ್ಲ. ನಾಲ್ಕು ದಿನ ‘ಹಣ ಪಾವತಿಯಾಗಿಲ್ಲ’ ಎಂದು ಕುಟ್ಟಿದ ಅಂಗಡಿ ಐದನೇ ದಿನ ಪ್ರಾಣದ ಮಾತಾಡಿದರೆ ಯಾರು ನಂಬುತ್ತಾರೆ?

ಶಿವಶರಣ ಕಾಕಾ ಕೌಂಟರಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ. “ಡಾಕ್ಟರಿಗಿ ಹೇಳು. ಸಾಲಿಯವ್ರಿಗಿ ಹೇಳಿದ್ರ ಹುಡುಗನ ಅನ್ನಕ್ಕ ಕಲ್ಲು ಬೀಳ್ತದ, ಗಿರಾಕಿ ಬ್ಯಾನಿ ಊರಿಗೆಲ್ಲ ಹೇಳೋ ಅಂಗಡಿ ಅಂತ ನಮಗೂ ಹೆಸರು ಬರ್ತದ.”

“ಹದಿನಾಕು ಹುಡುಗ್ರು ಕಾಕಾ.”

ಕಾಕಾ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. “ಹಂಗಾದ್ರ ನೀನೇ ಹೋಗು. ಡಬ್ಬಿ ಒಯ್ಯಿ. ರೊಕ್ಕದ ಸುದ್ದಿ ತಗಿಬ್ಯಾಡ.” ರೊಕ್ಕ ಬರದ ಡಬ್ಬಿ ಹೊಸ್ತಿಲು ದಾಟಬಾರದು ಎಂಬುದು ಅವನೇ ಮಾಡಿದ ಕಾನೂನು.

ಡಾಕ್ಟರರಿಗೆ ಫೋನು ಹಚ್ಚಿದರೆ ಅವರು ಆಪರೇಷನ್ನಿನಲ್ಲಿದ್ದರು, ಕಾದರೂ ಸಿಗಲಿಲ್ಲ. ಡಬ್ಬಿ ಕಟ್ಟಿ ಬಸ್‍ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಒಂದೂವರೆ. ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ, ಶೂನ್ಯದ ಟಿಕೀಟು ಹರಿಸಿಕೊಂಡು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ರಸ್ತೆಯ ಎರಡೂ ಬದಿಗೆ ತೊಗರಿ ಹಸಿರಾಗಿ ನಿಂತಿತ್ತು. ಮಹಾಗಾಂವ ಕ್ರಾಸಿನ ಹತ್ತಿರ ಹಳದಿ ಬಣ್ಣದ ಸಾಲಿ ವ್ಯಾನೊಂದು ಎದುರಿನಿಂದ ಬಂದು, ಬಸ್ಸನ್ನು ಸವರಿದಂತೆ ಹಾದುಹೋಯಿತು. ಅಂಬಿಕಾ ಕಣ್ಣು ಮುಚ್ಚಿಕೊಂಡಳು. ಅದು ಕಪಿಲನ ಗಾಡಿ ಅಲ್ಲ, ಅವನ ಗಾಡಿ ಈ ಹೊತ್ತಿಗೆ ಸಾಲಿಯ ಮುಂದೆ ನಿಂತಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಕಮಲಾಪುರದ ಬಸ್‍ಸ್ಟ್ಯಾಂಡಿನ ಬಾಜೂಕ ಪುತಳಾಬಾಯಿಯ ಕೆಂಪು ಬಾಳೆಹಣ್ಣಿನ ಬಂಡಿ. ಹುಡುಕುವುದೇನೂ ಕಷ್ಟವಾಗಲಿಲ್ಲ. ಐವತ್ತರ ಹೆಂಗಸು, ಕುಂಕುಮವಿಲ್ಲದ ಹಣೆ, ನೋಡಿದರೆ ಎದುರಿನವರು ಬೆಲೆ ಕೇಳಲು ಹೆದರುವಂಥ ಕಣ್ಣು. ಅಂಬಿಕಾ ಮಾತಿಗೆ ಮೊದಲು ಡಬ್ಬಿಯನ್ನು ಹಣ್ಣಿನ ಪಕ್ಕದಲ್ಲಿಟ್ಟಳು.

“ಅಂಬಿಕಾ ನಾ. ರೊಕ್ಕ ಬ್ಯಾಡ್ರಿ. ಡಬ್ಬಿ ಇಟ್ಕೋರಿ. ಮನ್ಯಾಗ ಉಳಿದದ್ದು ಒಮ್ಮೆ ತೋರಸ್ರಿ, ಹೋಗಿಬಿಡ್ತೀನಿ.”

ಪುತಳಾಬಾಯಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ರೊಕ್ಕ ಬೇಡ ಅನ್ನಲಿಕ್ಕೆ ಕಲಬುರಗಿಯಿಂದ ಬಿಸಿಲಲ್ಲಿ ಯಾರೂ ಬರುವುದಿಲ್ಲ ಎಂಬುದು ವ್ಯಾಪಾರದವಳಿಗೆ ಗೊತ್ತು. ಬಂಡಿ ನೋಡಿಕೊಳ್ಳಲು ಪಕ್ಕದ ಅಂಬಮ್ಮನಿಗೆ ಹೇಳಿ, ಸುಮ್ಮನೆ ಮುಂದೆ ನಡೆದಳು.

ಮನೆ ಎರಡು ಓಣಿ ಆಚೆ. ಗೋಡೆಯ ಮಾಡದಲ್ಲಿ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಬಿಸ್ಕೀಟಿನ ತಗಡಿನ ಡಬ್ಬಿ. ಪುತಳಾಬಾಯಿ ಮುಚ್ಚಳ ತೆಗೆದು ಹಾಸಿಗೆಯ ಮೇಲೆ ಸುರುವಿದಳು. ಸುರುವಿದ ಕೈ ಹಾಗೇ ನಿಂತಿತು.

“ಇಷ್ಟಾ? ನಾ ಮ್ಯಾಲಿನವಷ್ಟೇ ನೋಡಿದ್ನಲ್ಲ...”

ಐವತ್ತಕ್ಕೂ ಮೇಲೆ. ಅಂಬಿಕಾ ಒಂದೊಂದೇ ತಿರುವಿ ತಾರೀಖು ನೋಡಿದಳು. ಸೋಮವಾರ, ಮಂಗಳವಾರ, ಬುಧವಾರ. ಶುಕ್ರವಾರ, ಶನಿವಾರ. ಮತ್ತೆ ಸೋಮವಾರ. ಜೂನ್, ಜುಲೈ, ಆಗಸ್ಟಿನ ಮೊದಲ ವಾರ. ಆದಿತ್ಯವಾರದ ಪೊಟ್ಟಣ ಒಂದೂ ಇರಲಿಲ್ಲ.

“ಆದಿತ್ಯವಾರ ಗಾಡಿ ಇರಂಗಿಲ್ಲಲ್ರಿ?” ಎಂದಳು.

ಪುತಳಾಬಾಯಿ ಪೊಟ್ಟಣಗಳ ಪಕ್ಕದಲ್ಲೇ ಕೂತಳು. “ಗುಳಿಗಿ ನುಂಗಿದ್ರ ನಿದ್ದಿ ಎಳೀತದವ್ವಾ ಅಂತ ಒಮ್ಮೆ ಅಂದಿದ್ದ. ಗಾಡಿ ಮ್ಯಾಲ ನಿದ್ದಿ ಬಂದ್ರ ಹುಡುಗ್ರ ಗತಿ ಏನು ಅಂದಿದ್ದ. ಹುಡುಗ್ರು ಅಂದ್ರ ಜೀವ ಅವನಿಗಿ. ಅವ್ರ ಸಲುವಾಗಿ ಬಿಟ್ಟಾನವ್ವಾ, ಅವ್ರ ಸಲುವಾಗೇ ಬಿಟ್ಟಾನ.”

ಗಂಟೆ ಮೂರೂಕಾಲು. ಸಾಲಿ ಬಿಡುವುದು ನಾಲ್ಕಕ್ಕೆ. ಕಪಿಲನಿಗೆ ಫೋನು ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿಯಲ್ಲಿದ್ದಾಗ ಫೋನು ಮುಟ್ಟುವುದಿಲ್ಲ ಅವನು, ಸದ್ದು ಬಂದ್ ಮಾಡಿಡುತ್ತಾನೆ. ಅಷ್ಟು ನೇಮದ ಹುಡುಗ.

“ಸಾಲಿಗಿ ಹಚ್ಚೋಣ್ರಿ.”

“ಬ್ಯಾಡ!” ಪುತಳಾಬಾಯಿ ಅವಳ ಕೈ ಹಿಡಿದುಕೊಂಡಳು. “ನೌಕರಿ ಹೋಗ್ತದ. ನೌಕರಿ ಹೋದ್ರ ಹೋಗ್ಲಿ, ಫಿಟ್ಸಿನಂವ ಅಂತ ಹೆಸರು ಬೀಳ್ತದಲ್ಲ, ಅದು ಸಾಯೋತನಕ ಹೋಗಂಗಿಲ್ಲ. ನಾಕೂ ಇಪ್ಪತ್ತಕ್ಕ ಗಾಡಿ ಇಲ್ಲೇ ಬಸ್‍ಸ್ಟ್ಯಾಂಡ್ ಮುಂದ ಹಾಯ್ತದ. ನಾನೇ ಅಡ್ಡ ನಿಂತು ಚಾವಿ ಕಸ್ಕೋತೀನಿ. ನನ್ನ ಮಗ, ನಾ ನೋಡ್ಕೋತೀನಿ.”

ಹ್ಞೂಂ ಎನ್ನಬಾರದಿತ್ತು. ಅಂಬಿಕಾ ಹ್ಞೂಂ ಎಂದಳು. ಹಿಡಿದ ಕೈಯನ್ನು ಆ ಹೆಂಗಸು ಬಿಡಲೇ ಇಲ್ಲ, ಅದಕ್ಕೆ ಕರಗಿದಳು. ಒಂದು ಫೋನು ಹಚ್ಚಿದ್ದರೆ ಸಾಲಿಯವರು ಗೇಟಿನಲ್ಲೇ ಗಾಡಿ ನಿಲ್ಲಿಸುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಬಂಡಿಯ ಹತ್ತಿರ ಮರಳಿದರೂ ಪುತಳಾಬಾಯಿಗೆ ಸಮಾಧಾನವಿಲ್ಲ. ಪುಕ್ಕಟೆ ಡಬ್ಬಿ ಅವಳ ಮೈಗೆ ಒಗ್ಗದು. ಬೆಳಿಗ್ಗೆ ಆಡಿದ ಮಾತೂ ಚುಚ್ಚುತ್ತಿತ್ತು. ಶಫಿಯ ಅಂಗಡಿಗೆ ಎಳೆದುಕೊಂಡೇ ಹೋದಳು. ಶಫಿ ಮೊಬೈಲು ತೆಗೆದು ತಡೆ ಹಿಡಿದ ಒಪ್ಪಿಗೆ ಹುಡುಕಿ ಕೊಟ್ಟ, ಪುತಳಾಬಾಯಿ ಸೆರಗು ಮರೆಮಾಡಿ ಪಿನ್ ಒತ್ತಿದಳು. ಅಂಬಿಕಾ ತನ್ನ ಮೊಬೈಲಿನಲ್ಲಿ ಅವಳ ಹೆಸರು ತೆಗೆದು, ‘ಸ್ಥಗಿತ’ ಬಿಡಿಸಿ, ವಸೂಲಿಗೆ ಹೊಸದಾಗಿ ಹಚ್ಚಿದಳು.

“ಹೋದವೇನು ರೊಕ್ಕ?”

“ಇವತ್ತ ಹೋಗಂಗಿಲ್ರಿ. ಇವತ್ತ ಬರೇ ತಿಳಸ್ತದ, ಕಡಿತ ನಾಳಿಗಿ.”

“ಸಾವಕಾಶ ಆಗ್ಲಿ. ಇನ್ ಮ್ಯಾಲ ಒಂದಿನ ತಪ್ಪಸಂಗಿಲ್ಲ, ನನ್ನ ಕೈಯಾರೆ ನುಂಗಸ್ತೀನಿ.”

ನಾಲ್ಕೂ ಇಪ್ಪತ್ತಾಯಿತು. ಇಬ್ಬರೂ ರಸ್ತೆಯ ಅಂಚಿಗೆ ನಿಂತಿದ್ದರು. ಒಂದು ಲಾರಿ ಹೋಯಿತು, ಎರಡು ಟಂಟಂ ಹೋದವು. ನಾಲ್ಕೂ ಇಪ್ಪತ್ತೈದು. “ಒಂದಿನ ತಡ ಮಾಡಿಲ್ಲ” ಎಂದು ಪುತಳಾಬಾಯಿ ಯಾರಿಗೋ ಹೇಳುವಂತೆ ಹೇಳಿದಳು. ನಾಲ್ಕೂವರೆ. ಈಗ ಅಂಬಿಕಾ ಸಾಲಿಗೆ ಫೋನು ಹಚ್ಚಿದಳು. ಗಾಡಿ ಬಿಟ್ಟು ಅರ್ಧ ತಾಸಾಯಿತು ಎಂದರು.

ಆಗ ಕಂಡರು. ರಸ್ತೆಯ ತಿರುವಿನಲ್ಲಿ ಹುಡುಗರು, ಬೆನ್ನಿಗೆ ಚೀಲ, ಒಬ್ಬರ ಕೈ ಒಬ್ಬರು ಹಿಡಿದು, ಅಂಚಿಗಂಟಿ ಸಾಲಾಗಿ ನಡೆದು ಬರುತ್ತಿದ್ದರು. ವ್ಯಾನು ಇಲ್ಲ. ಅಂಬಿಕಾ ಅಲ್ಲಿಂದಲೇ ಎಣಿಸತೊಡಗಿದಳು. ಹನ್ನೆರಡು, ಹದಿಮೂರು. ಹಿಂದೆ ಉಳಿದ ಪುಟ್ಟದೊಂದು ಓಡಿ ಬಂತು. ಹದಿನಾಲ್ಕು.

ಎಲ್ಲರ ಮುಂದೆ ಇದ್ದ ದೊಡ್ಡ ಹುಡುಗಿ ಮುಸ್ಕಾನ್ ಮುಷ್ಟಿ ಬಿಚ್ಚಿದಳು. ಅದರಲ್ಲಿ ಗಾಡಿಯ ಚಾವಿ.

“ಅಣ್ಣ ಗಾಡಿ ಬಾಜೂಕ ಹಚ್ಚಿ ಬಂದ್ ಮಾಡಿದನ್ರಿ. ಎಲ್ಲಾರೂ ಇಳೀರಿ, ಕೈ ಹಿಡ್ಕೊಂಡು ಊರಿಗಿ ನಡೀರಿ, ಚಾವಿ ನಮ್ಮವ್ವನ ಕೈಯಾಗ ಕೊಡು ಅಂದನ್ರಿ. ಆಮ್ಯಾಲ... ಆಮ್ಯಾಲ ಬಿದ್ದನ್ರಿ. ಕೈಕಾಲು ಬಡ್ಕೊಳಾಕತ್ತಾನ್ರಿ.”

ಪುತಳಾಬಾಯಿ ಬಂಡಿಯ ಮೇಲಿದ್ದ ಡಬ್ಬಿ ಬಾಚಿಕೊಂಡು ಓಡಿದಳು. ಚಪ್ಪಲಿ ಅಲ್ಲೇ ಉಳಿದವು. ಅಂಬಿಕಾ 108ಕ್ಕೆ ಫೋನು ಹಚ್ಚುತ್ತಲೇ ಹಿಂದೆ ಓಡಿದಳು.

ಕಪಿಲ ಬೇವಿನ ಗಿಡದ ಬುಡಕ್ಕೆ ಬಿದ್ದಿದ್ದ. ಸುತ್ತ ಮಂದಿ. ಒಬ್ಬ ಅವನ ಕೈಯಲ್ಲಿ ಕಬ್ಬಿಣದ ಚಾವಿಗೊಂಚಲು ಒತ್ತಿ ಹಿಡಿದಿದ್ದ, ಇನ್ನೊಬ್ಬ ಬಾಯಿಗೆ ನೀರು ಹಾಕಲು ಬಗ್ಗಿದ್ದ. ಅಂಬಿಕಾ ಚೀರಿ ನೀರು ಬಿಡಿಸಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಓಢಣಿ ಇಟ್ಟಳು. ಒಂದು ಝಟಕೆ ನಿಲ್ಲುತ್ತಿತ್ತು, ಕಣ್ಣು ತೆರೆಯುವ ಮೊದಲೇ ಇನ್ನೊಂದು ಹಿಡಿಯುತ್ತಿತ್ತು. ಪುತಳಾಬಾಯಿ ಅಂಬಿಕಾ ತಂದ ಡಬ್ಬಿ ಹರಿದು, ಇವತ್ತಿನ ಪೊಟ್ಟಣ ಬಿಚ್ಚಿ, “ಬಾಯಾಗ ಹಾಕವ್ವಾ, ಹಾಕು, ನಿನ್ನ ಮಾತು ಕೇಳ್ತೀನಿ, ಹಾಕು” ಎನ್ನುತ್ತಿದ್ದಳು.

“ಈಗ ಹಾಕಬಾರದ್ರಿ. ಗಂಟಲಾಗ ಸಿಗ್ತದ.” ಆ ಮಾತು ಹೇಳುವಾಗ ಅಂಬಿಕಾ ಅತ್ತೇಬಿಟ್ಟಳು. ಪುತಳಾಬಾಯಿಯ ಸೊಂಟದಲ್ಲಿ ಸಿಕ್ಕಿಸಿದ ಮೊಬೈಲು ಟಿಂಗ್ ಎಂದಿತು. ನಾಳೆ ಆರುನೂರಾ ನಲವತ್ತು ರೂಪಾಯಿ ಕಡಿತವಾಗಲಿದೆ ಎಂದು ತಿಳಿಸುತ್ತಿತ್ತು.

ಆರು ಗಂಟೆಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು. ಇಂಜೆಕ್ಷನ್ನಿಗೆ ಝಟಕೆ ನಿಂತಿದೆ, ಎಚ್ಚರವಿಲ್ಲ, ಎಚ್ಚರ ಬಂದ ಮೇಲೇ ಏನಾದರೂ ಹೇಳಬಹುದು ಎಂದರು ಡಾಕ್ಟರರು. ಪುತಳಾಬಾಯಿ ಗೋಡೆಗೆ ಆತು ಕೂತಿದ್ದಳು, ಮುಷ್ಟಿಯಲ್ಲಿ ಗಾಡಿಯ ಚಾವಿ. ಅಂಬಿಕಾ ಪಕ್ಕದ ಬೆಂಚಿನಲ್ಲಿ ಕೂತು ಏನು ಮಾಡಬೇಕು ತಿಳಿಯದೆ ಮೊಬೈಲು ತೆಗೆದಳು. ಬಿಡುವು ತೊಗೊಂಡವರ ಪಟ್ಟಿ ತೆರೆದು, ಎರಡು ವರ್ಷದಲ್ಲಿ ಮೊದಲ ಸಲ, ಕಾರಣ ನೋಡಿ ಆರಿಸಿದಳು: ‘ಗುಳಿಗಿ ಉಳಿದಾವ’.

ಆಗಸ್ಟ್ ಒಂದು ತಿಂಗಳಲ್ಲೇ ಹದಿನೇಳು ಹೆಸರು. ಮೇಲಿನದು ಅರುಣಕುಮಾರ, ಹೃದಯದ ಕವಾಟ ಬದಲಿಸಿದವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ಒಂದು ದಿನವೂ ಬಿಡುವಂತಿಲ್ಲ. ಬಿಡುವು ಮುಗಿದ ಮೇಲಿನ ಕಡಿತ ನಾಲ್ಕೂ ಸಲ ಸೋತು, ಬೆಳಿಗ್ಗೆ ಕೆಂಪಗೆ ಬಿದ್ದ ನಾಲ್ಕರಲ್ಲಿ ಅದೂ ಒಂದಾಗಿತ್ತು. ನಂಬರು ಒತ್ತಿದಳು. ರಿಂಗಾಯಿತು. ಯಾರೋ ಹೆಣ್ಣುಮಗಳು ಎತ್ತಿದಳು.

“ತಿಂಗಳ ಡಬ್ಬಿಯಿಂದ...”

“ಗೊತ್ತಾತ್ರಿ ಮೇಡಂ, ಗೊತ್ತಾತು. ರೊಕ್ಕ ನಾಳಿಗಿ ಹಾಕ್ತೀವಿ” ಎಂದು ಆಕೆ ಫೋನು ಇಟ್ಟಳು.